ಚೌಕದಲ್ಲಿ 3, 1, 0: ಅಮೋನಿಯಾ ಬೋರ್ಡನ್ನು ಓದುವುದು ಹೇಗೆ?

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನನ್ನ ಅಕ್ಕನ ಮಗ ಕಳೆದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಮೆಣಸಿನಕಾಯಿ ಚೀಲ ತಂಪಾಗಿಡುವ ಯಂತ್ರಗಳ ಕೋಣೆಯ ಬಾಗಿಲು, ಅದರ ಮೇಲೆ ದೊಡ್ಡ ಬೋರ್ಡು. ಅದರಲ್ಲೊಂದು ಚಿತ್ರ: ಅಂಗೈ ಮೇಲೆ ಏನೋ ಹನಿಯುತ್ತಿದೆ. ‘ಮಾಮಾ, ಕೈ ತೊಳ್ಕೊಂಡು ಒಳಗ ಬಾ ಅಂತೇನು ಇದು?’ ಎಂದು ಕೇಳಿದ್ದ. ಅಲ್ಲ. ಕೈ ಸುಟ್ಟು ತೂತಾಗುತ್ತದೆ ಎಂದು ಅದರ ಅರ್ಥ. ಅವನನ್ನು ನೋಡಿ ನಗುವ ಹಾಗಿಲ್ಲ. ಆ ಚಿತ್ರ ನಿಜವಾಗಿಯೂ ಕೈ ತೊಳೆಯುವ ಹಾಗೆಯೇ ಕಾಣುತ್ತದೆ.

ನಿಮ್ಮ ಕೆಲಸದ ಜಾಗದಲ್ಲೂ ಇಂಥದೊಂದು ಬೋರ್ಡ್ ಇದ್ದರೆ ಒಂದು ಫೋಟೋ ತೆಗೆದುಕೊಳ್ಳಿ. ಬಾಗಿಲ ಮುಂದೆ ನಿಂತು ಓದುವುದಕ್ಕಿಂತ ಮನೆಯಲ್ಲಿ ಕೂತು ದೊಡ್ಡದು ಮಾಡಿ ನೋಡುವುದು ಸುಲಭ. ಫ್ಲ್ಯಾಶ್ ಹಾಕಬೇಡಿ, ಬೋರ್ಡ್ ಹೊಳೆದು ಅಕ್ಷರ ಅಳಿಸಿದಂತಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನಿಂತು ತೆಗೆಯಿರಿ.

ಮೊದಲು ಹೆಸರು ಹುಡುಕಿ. ನಮ್ಮ ಫೋಟೋದಲ್ಲಿ ಮೇಲೆ ‘ಅನ್‌ಹೈಡ್ರಸ್ ಅಮೋನಿಯಾ’ ಎಂದೂ ಮೂಲೆಯಲ್ಲಿ ‘ಯುಎನ್ 1005’ ಎಂದೂ ಇತ್ತು. ಅನ್‌ಹೈಡ್ರಸ್ ಎಂದರೆ ನೀರು ಬೆರೆಸದ್ದು. ಹೆಸರು ಮಾಸಿ ಹೋಗಿದ್ದರೂ 1005 ಎಂಬ ನಂಬರ್ ಓದಲು ಬಂದರೆ ಸಾಕು, ಯಾವ ದೇಶದಲ್ಲಾದರೂ ಅದು ಇದೇ ಅಮೋನಿಯಾ. ಏನಾದರೂ ಆಗಿ ಅಗ್ನಿಶಾಮಕದವರಿಗೆ ಫೋನ್ ಮಾಡಿದರೆ ಮೊದಲು ಹೇಳಬೇಕಾದದ್ದೂ ಇದನ್ನೇ.

ಆಮೇಲೆ ಚಿತ್ರ ಬಿಟ್ಟು ಆಕಾರ ನೋಡಿ. ತ್ರಿಕೋನ ಎಂದರೆ ಎಚ್ಚರಿಕೆ. ನೀಲಿ ವೃತ್ತ ಎಂದರೆ ಮಾಡಲೇಬೇಕು. ಅಡ್ಡಗೆರೆ ಇರುವ ಕೆಂಪು ವೃತ್ತ ಎಂದರೆ ಮಾಡಕೂಡದು. ಹಸಿರು ಚೌಕ ಎಂದರೆ ಹೊರಗೆ ಹೋಗುವ ದಾರಿಯೋ, ಕಣ್ಣು ತೊಳೆಯುವ ನಲ್ಲಿಯೋ, ಒಟ್ಟಿನಲ್ಲಿ ಸಹಾಯ ಎಲ್ಲಿದೆ ಎಂಬ ಮಾಹಿತಿ. ಆಕಾರವನ್ನೇ ನಂಬಿ ಎನ್ನಲು ಕಾರಣವಿದೆ. ಬಿಸಿಲಿಗೆ ಕೆಂಪು ಬಣ್ಣ ಬೇಗ ಮಾಸುತ್ತದೆ. ನಮ್ಮ ಫೋಟೋದಲ್ಲೂ ಬೆಂಕಿಕಡ್ಡಿಯ ಮೇಲಿನ ಕೆಂಪು ಗೆರೆ ಹೆಚ್ಚುಕಡಿಮೆ ಮಾಯವಾಗಿತ್ತು. ಸುಮ್ನೆ ನೋಡಿದರೆ ‘ಇಲ್ಲಿ ಕಡ್ಡಿ ಗೀರಿ’ ಎಂದು ಹೇಳುವಂತಿತ್ತು!

ನೀಲಿ ವೃತ್ತದೊಳಗಿನ ಮುಖವನ್ನು ದೊಡ್ಡದು ಮಾಡಿ ನೋಡಿ. ಮೂಗಿಗೆ ಬರೀ ಬಟ್ಟೆಯಂಥ ಮಾಸ್ಕೋ, ಮುಂದೆ ಡಬ್ಬಿ ಇರುವ ಮಾಸ್ಕೋ? ಅಮೋನಿಯಾ ಒಂದು ಅನಿಲ. ಮೆಣಸಿನ ಘಾಟಿಗೆ ಹಾಕುವ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಡಬ್ಬಿ ಇರುವ ಮಾಸ್ಕ್ ಬೇಕು, ಆ ಡಬ್ಬಿಯೂ ಅಮೋನಿಯಾಕ್ಕೆ ಮಾಡಿದ್ದೇ ಆಗಿರಬೇಕು. ಯುರೋಪಿನ ಮಾನದಂಡದಲ್ಲಿ ಅದಕ್ಕೆ ಹಸಿರು ಪಟ್ಟಿ ಮತ್ತು ‘ಕೆ’ ಅಕ್ಷರ ಇರುತ್ತದೆ. ಅದೂ ಸಣ್ಣ ಸೋರಿಕೆಗೆ ಮಾತ್ರ. ಕೋಣೆ ತುಂಬ ಅನಿಲ ತುಂಬಿದ್ದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ತರಬೇತಿ ಪಡೆದವರೇ ಒಳಗೆ ಹೋಗಬೇಕು.

ಇನ್ನು ಕೆಂಪು ಅಂಚಿನ, ಮೂಲೆ ಮೇಲೆ ಮಾಡಿ ನಿಲ್ಲಿಸಿದ ಬಿಳಿ ಚೌಕಗಳು. ಇವು ವಿಶ್ವಸಂಸ್ಥೆ 2003ರಲ್ಲಿ ಹೊರತಂದ ಪದ್ಧತಿಯವು. ಅಮೋನಿಯಾಕ್ಕೆ ನಾಲ್ಕು ಬರುತ್ತವೆ. ತಲೆಬುರುಡೆ ಎಂದರೆ ಉಸಿರಾಡಿದರೆ ವಿಷ. ಹನಿ ಬಿದ್ದ ಕೈ ಎಂದರೆ ಚರ್ಮ, ಕಣ್ಣು ಸುಡುತ್ತದೆ. ಸಿಲಿಂಡರ್ ಎಂದರೆ ಒತ್ತಡದಲ್ಲಿ ತುಂಬಿಟ್ಟ ಅನಿಲ. ಒಣಗಿದ ಮರ, ಸತ್ತ ಮೀನು ಎಂದರೆ ಚರಂಡಿ, ಕೆರೆಗೆ ಸೇರಿದರೆ ಜಲಚರ ಸಾಯುತ್ತವೆ.

ಇಲ್ಲಿ ಬೆಂಕಿಯ ಚಿತ್ರ ಇಲ್ಲ. ಹಾಗಾದರೆ ಬೀಡಿ ಸೇದಬಾರದು ಎಂಬ ಕೆಂಪು ವೃತ್ತ ಯಾಕೆ? ಅಮೋನಿಯಾಕ್ಕೆ ಬೆಂಕಿ ಹತ್ತುವುದು ಕಷ್ಟ. ಗಾಳಿಯಲ್ಲಿ ಅದು ಸುಮಾರು ನೂರಕ್ಕೆ 15ರಿಂದ 28 ಭಾಗ ಇದ್ದಾಗ ಮಾತ್ರ ಹತ್ತುತ್ತದೆ. ಹೀಗೆ ಕಷ್ಟಪಟ್ಟು ಉರಿಯುವ ಅನಿಲಗಳಿಗೆ ಆ ಪದ್ಧತಿಯಲ್ಲಿ ಬೆಂಕಿಯ ಚಿತ್ರ ಕೊಟ್ಟಿಲ್ಲ. ಬಯಲಲ್ಲಿ ಅಷ್ಟು ಅನಿಲ ಒಂದೆಡೆ ಸೇರುವುದು ಅಪರೂಪ. ಆದರೆ ಬಾಗಿಲು ಹಾಕಿದ ಮೆಷಿನ್ ರೂಂನಲ್ಲಿ ಸೇರಬಹುದು. ಆಗ ಒಂದು ಕಿಡಿ ಸಾಕು, ಸ್ಫೋಟವೇ ಆಗುತ್ತದೆ. ಲೈಟಿನ ಸ್ವಿಚ್ ಒತ್ತಿದಾಗ ಬರುವ ಕಿಡಿಯೂ ಸಾಕು.

ಉಳಿದದ್ದು ನೀಲಿ, ಕೆಂಪು, ಹಳದಿ, ಬಿಳಿ ಬಣ್ಣದ ನಾಲ್ಕು ಮನೆಗಳ ಚೌಕ. ಇದು ಅಮೆರಿಕದ ಅಗ್ನಿ ಸುರಕ್ಷತಾ ಸಂಘಟನೆಯೊಂದರ ಪದ್ಧತಿ. ಬೆಂಕಿ ಆರಿಸಲು ಬರುವವರು ದೂರದಿಂದಲೇ ಓದಲಿ ಎಂದು ಮಾಡಿದ್ದು. ನಮ್ಮ ಬೋರ್ಡಿನಲ್ಲಿ ನೀಲಿಯಲ್ಲಿ 3, ಕೆಂಪಿನಲ್ಲಿ 1, ಹಳದಿಯಲ್ಲಿ 0, ಬಿಳಿ ಖಾಲಿ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ತಾನಾಗಿ ಸಿಡಿಯುವ ಗುಣಕ್ಕೆ. 0 ಕಡಿಮೆ, 4 ಅತಿ ಹೆಚ್ಚು. ಜಾಸ್ತಿ ಜನ ಎಡವುವುದು ಇಲ್ಲೇ. ವಿಶ್ವಸಂಸ್ಥೆಯ ಪದ್ಧತಿಯಲ್ಲಿ ‘ಕೆಟಗರಿ 1’ ಎಂದರೆ ಅತಿ ಅಪಾಯ, ನಂಬರ್ ಹೆಚ್ಚಿದಂತೆ ಅಪಾಯ ಕಡಿಮೆ. ಎರಡೂ ಪದ್ಧತಿ ಒಂದಕ್ಕೊಂದು ಉಲ್ಟಾ! ಹಾಗಾಗಿ ಬೋರ್ಡಿನ ನಂಬರನ್ನೂ ಪಕ್ಕದಲ್ಲಿ ಅಂಟಿಸಿದ ಸುರಕ್ಷತಾ ಮಾಹಿತಿ ಕಾಗದದ ಕೆಟಗರಿಯನ್ನೂ ಬೆರೆಸಬೇಡಿ.

ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಸೂಚನೆಗಳಿದ್ದವು. ಎರಡನ್ನು ಬಿಡಿಸಿ ಹೇಳುತ್ತೇನೆ.

‘ಕಣ್ಣಿಗೆ ಬಿದ್ದರೆ 15 ನಿಮಿಷ ನೀರಿನಿಂದ ತೊಳೆಯಿರಿ.’ ಎರಡು ಸಲ ನೀರೆರಚಿ ಉರಿ ಕಡಿಮೆಯಾಯ್ತು ಎಂದು ನಿಲ್ಲಿಸುವವರೇ ಹೆಚ್ಚು. ಅಮೋನಿಯಾ ಕ್ಷಾರ. ಅದು ಕಣ್ಣಿನೊಳಕ್ಕೆ ಇಳಿಯುತ್ತಲೇ ಹೋಗುತ್ತದೆ. ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಹಿಡಿದು, ಗಡಿಯಾರ ನೋಡಿ ತೊಳೆಯಬೇಕು. ಆಸ್ಪತ್ರೆಗೆ ಹೊರಡುವುದು ಆಮೇಲೆ. ಮೈಮೇಲೆ ದ್ರವ ಬಿದ್ದರೂ ಮೊದಲು ನೀರೇ. ಅದು ಕುದಿಯುವುದೇ ಮೈನಸ್ 33 ಡಿಗ್ರಿಯಲ್ಲಿ, ಬಟ್ಟೆ ಹೆಪ್ಪುಗಟ್ಟಿ ಚರ್ಮಕ್ಕೆ ಅಂಟಿರುತ್ತದೆ. ಎಳೆದರೆ ಚರ್ಮವೂ ಬರುತ್ತದೆ.

‘ಆವಿಗೆ ನೀರು ಚಿಮುಕಿಸಿ, ಚೆಲ್ಲಿದ ದ್ರವಕ್ಕೆ ನೀರು ಹಾಕಬೇಡಿ.’ ಇದೇನು, ಒಂದು ಕಡೆ ಹಾಕು, ಇನ್ನೊಂದು ಕಡೆ ಬೇಡ? ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ನೀರಿನ ತುಂತುರು ಗಾಳಿಯಲ್ಲಿರುವ ಆವಿಯನ್ನು ಹಿಡಿದು ಕೆಳಗಿಳಿಸುತ್ತದೆ. ಆದರೆ ನೆಲದ ಮೇಲಿನ ದ್ರವಕ್ಕೆ ಅದೇ ನೀರು ಬಿಸಿಬಿಸಿ ಇದ್ದಂತೆ. ಬಿದ್ದ ಕೂಡಲೇ ದ್ರವ ಭುಗಿಲೆದ್ದು ಆವಿಯಾಗುತ್ತದೆ. ಇಳಿದು ಹರಿಯುವ ನೀರನ್ನು ಚರಂಡಿಗೆ ಬಿಡಬಾರದು. ಸತ್ತ ಮೀನಿನ ಚಿತ್ರ ನೆನಪಿದೆಯಲ್ಲ?

ಬೋರ್ಡು ಹೇಳದ ಒಂದು ವಿಷಯವಿದೆ. ಅಮೋನಿಯಾ ಗಾಳಿಗಿಂತ ಹಗುರ ಎಂದು ಓದಿ, ಮೇಲೆ ಹೋಗಿಬಿಡುತ್ತದೆ ಎಂದು ನಂಬುವವರಿದ್ದಾರೆ. ಜೋರಾಗಿ ಸೋರಿದಾಗ ಅದು ತಣ್ಣಗಿನ ಬಿಳಿ ಮಂಜಿನಂತೆ ನೆಲ ಹಿಡಿದೇ ಹರಿಯುತ್ತದೆ. ಮಂಜು ಕಂಡರೆ ಗಾಳಿ ಎತ್ತ ಬೀಸುತ್ತಿದೆ ನೋಡಿ, ಅದಕ್ಕೆ ಅಡ್ಡಲಾಗಿ ಓಡಿ ಮಂಜಿನಿಂದ ಹೊರಬನ್ನಿ, ಆಮೇಲೆ ಗಾಳಿ ಬರುವ ಕಡೆಗೆ ಸರಿಯಿರಿ. ಒದ್ದೆ ಟವೆಲ್ ಮೂಗಿಗೆ ಹಿಡಿದರೆ ಓಡುವಷ್ಟು ಹೊತ್ತು ಸ್ವಲ್ಪ ಸಹಾಯ. ಅದನ್ನೇ ನಂಬಿ ಒಳಗೆ ಹೋಗುವಂತಿಲ್ಲ.

ಇನ್ನು ಭಾಷೆಯ ವಿಚಾರ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಕಾಯ್ದೆಯಂತೆ ಹಾಕುವ ನೋಟಿಸುಗಳು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎನ್ನುತ್ತಿತ್ತು. ಅಪಾಯದ ಬೋರ್ಡಿಗೂ ಅದೇ ನ್ಯಾಯ ಬೇಡವೇ ಎಂದು ಮ್ಯಾನೇಜರನ್ನು ಕೇಳಬಹುದು. ನಮ್ಮ ಹುಡುಗ ಕೇಳಿದ. ಈಗ ಆ ಬಾಗಿಲ ಮೇಲೆ, ಹನಿ ಬಿದ್ದ ಕೈಯ ಕೆಳಗೆ, ಯಾರೋ ಪೇಂಟಿನಲ್ಲಿ ಬರೆದಿದ್ದಾರಂತೆ: ‘ಕೈ ಸುಡತೈತಿ.’