ಒಂಬತ್ತರ ಸೆಟ್ ತೆಗೆದು ಹತ್ತರದು ಹಾಕಿದ್ಮೇಲೆ ಏನು ಮಾಡ್ಬೇಕು

ಎಲೆಕ್ಟ್ರಿಕ್ ಗಿಟಾರಿಂದ ತೆಳು ತಂತಿಯ 9-42 ಸೆಟ್ ತೆಗೆದು ಸ್ವಲ್ಪ ದಪ್ಪದ 10-46 ಹಾಕಿದ ತಕ್ಷಣ ಬ್ರಿಜ್ ಸ್ಕ್ರೂಗೆ ಕೈ ಹಾಕ್ಬೇಡ್ರಪ್ಪ. ಮೊದ್ಲು ಟ್ಯೂನ್ ಮಾಡಿ, ಒಂದೊಂದು ತಂತಿನೂ ಮೆಲ್ಲಗೆ ಎಳೆದು ಮತ್ತೆ ಟ್ಯೂನ್ ಮಾಡಿ, ಶ್ರುತಿ ನಿಲ್ಲೋವರೆಗೂ. ಒಂಬತ್ತರ ಸೆಟ್ ನೆಕ್ಕನ್ನ ಸುಮಾರು 38 ಕೆಜಿ ಎಳೀತಿದ್ರೆ ಹತ್ತರದು 46ರ ಹತ್ರ ಎಳೆಯುತ್ತೆ, ಅದಕ್ಕೇ ನೆಕ್ ಸ್ವಲ್ಪ ಮುಂದಕ್ಕೆ ಬಾಗಿ ತಂತಿ ಮೇಲೆದ್ದಿರುತ್ತೆ, ಬೆಂಡ್ ಮಾಡೋಕೆ ಬೆರಳಿಗೆ ಡಬಲ್ ಕಷ್ಟ, ಒಂದು ತಂತಿ ದಪ್ಪದಿಂದ, ಇನ್ನೊಂದು ಎತ್ತರದಿಂದ. ದಪ್ಪ ತಂತಿ ಹಾಕಿದ್ದು ತಪ್ಪಾಯ್ತು ಅಂತ ಬಿಚ್ಚಿಬಿಡೋರು ಈ ಎರಡನೇದನ್ನ ಸರಿ ಮಾಡಿರೋದೇ ಇಲ್ಲ.

ನನ್ನ ತಮ್ಮನ ಮಗನ ಗಿಟಾರ್ ಹಿಂಗೇ ಆಗಿತ್ತು, 12ನೇ ಫ್ರೆಟ್ ಮೇಲೆ ದಪ್ಪ ತಂತಿ 2.5 ಮಿಮೀ ಎತ್ತರ. ಮೊದಲನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ನೆಕ್ಕು ಬಾಡಿ ಸೇರೋ ಕಡೆ ದಪ್ಪ ತಂತಿ ಒತ್ತಿ ಹಿಡಿದು, 7ನೇ ಫ್ರೆಟ್ ಹತ್ರ ಸಂದು ನೋಡಿದ್ವಿ, ಅಲ್ಲಿ 0.25 ಮಿಮೀ ಅಂದ್ರೆ ತೆಳು ವಿಸಿಟಿಂಗ್ ಕಾರ್ಡ್ ನುಸುಳೋಷ್ಟು ಸಾಕು, ಅವನದ್ರಲ್ಲಿ ಅಂಥ ಎರಡು ಕಾರ್ಡ್ ಆರಾಮಾಗಿ ಹೋಗ್ತಿತ್ತು. ನೆಕ್ಕಿನ ಬಾಗು ಸರಿ ಮಾಡೋಕೆ ಅದರೊಳಗಿರೋ ಸರಳು, ಅಂದ್ರೆ ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಟ್ಯೂನ್ ಮಾಡಿ ಅಳೆದ್ರೆ ಸಂದು ಸರಿಹೋಯ್ತು, ಎತ್ತರನೂ ಸ್ವಲ್ಪ ಇಳೀತು. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸ್ಬೇಡಿ, ಬಿಗಿ ಅಂತ ಅನ್ಸಿದ್ರೆ ಅಲ್ಲಿಗೇ ನಿಲ್ಲಿಸಿ.

ಆಮೇಲೇ ಸ್ಯಾಡಲ್, ಅಂದ್ರೆ ಬ್ರಿಜ್ ಮೇಲೆ ತಂತಿ ಕೂರೋ ತುಂಡಿನ ಎತ್ತರ. ದಪ್ಪ ತಂತಿ 1.8ಕ್ಕೆ ಇಳಿಸಿದ್ವಿ, ಸಣ್ಣ ಕಡೆ ಹುಡುಗ ಆಸೆಗೆ 1.1ಕ್ಕೆ ಇಟ್ಟ, ಸೋಲೋ ಬೆರಳಿಗೆ ಬೆಣ್ಣೆ ಥರ ಬಂತು ಆದ್ರೆ 15ನೇ ಫ್ರೆಟ್ಟಲ್ಲಿ ಬೆಂಡ್ ಮಾಡಿದ್ರೆ ಸ್ವರ ಅರ್ಧಕ್ಕೇ ಸತ್ತುಹೋಗೋದು, ಫ್ರೆಟ್ ಬೋರ್ಡ್ ಉಬ್ಬಾಗಿರೋದ್ರಿಂದ ಬೆಂಡ್ ಆದ ತಂತಿ ಮೇಲಿನ ಫ್ರೆಟ್‌ಗೆ ತಗಲುತ್ತೆ. 1.5ಕ್ಕೆ ಏರಿಸಿದ್ಮೇಲೆ ನಿಂತ್ಕೊಂತು. ಹತ್ತರ ತಂತಿ ಬಿಗಿಯಾಗಿರೋದ್ರಿಂದ ಪವರ್ ಕಾರ್ಡ್ ಜೋರಾಗಿ ಹೊಡೆದಾಗ ಕಮ್ಮಿ ಅಲ್ಲಾಡುತ್ತೆ, ಬಝ್ಝೂ ಕಮ್ಮಿ, ನನ್ನಂಥ ರಿದಮ್ ನುಡಿಸೋರಿಗೆ ಅದೇ ಇಷ್ಟ. ಆಂಪ್ ಹಾಕಿದ್ಮೇಲೆ ಕೇಳಿಸ್ದೇ ಇರೋ ಬಝ್ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಇಂಟೋನೇಷನ್, ಅಂದ್ರೆ ಎಲ್ಲಾ ಫ್ರೆಟ್ಟಲ್ಲೂ ಸ್ವರ ಸರಿ ಬರೋ ಹಾಗೆ ಮಾಡೋದು, ಕೊನೇಗೆ, ಯಾಕಂದ್ರೆ ತಂತಿ ಎತ್ತರ ಇದ್ದಷ್ಟೂ ಒತ್ತಿದಾಗ ಜಾಸ್ತಿ ಎಳೆದು ಸ್ವರ ಏರುತ್ತೆ, ಎತ್ತರ ಬದಲಾದ್ರೆ ಇದೂ ಬದಲಾಗುತ್ತೆ. 12ನೇ ಫ್ರೆಟ್ ಹಾರ್ಮೋನಿಕ್ ಟ್ಯೂನರಲ್ಲಿ ಸರಿಯಾಗಿ ನಿಲ್ಲಿಸಿ, ಆಮೇಲೆ ಅದೇ ಫ್ರೆಟ್ ನುಡಿಸೋವಾಗ ಒತ್ತೋಷ್ಟೇ ಒತ್ತಿ ನೋಡಿ. ಒತ್ತಿದ ಸ್ವರ ಶಾರ್ಪ್ ಬಂದ್ರೆ ಸ್ಯಾಡಲ್ ಹಿಂದಕ್ಕೆ, ಫ್ಲಾಟ್ ಬಂದ್ರೆ ನೆಕ್ ಕಡೆಗೆ. ಅವನ ದಪ್ಪ ತಂತಿ 8 ಸೆಂಟ್ಸ್ ಶಾರ್ಪ್ ಇತ್ತು, ತಂತಿ ಸಡಿಲ ಮಾಡ್ಕೊಂಡು ಹಿಂದಕ್ಕೆ ಸರಿಸಿದ್ವಿ, ಪ್ರತಿ ಸಲ ಮತ್ತೆ ಟ್ಯೂನ್. ಸ್ಯಾಡಲ್ ಎಲ್ಲಿಗೆ ಸರಿಸಿದ್ರೂ ಸರಿಹೋಗ್ದೇ ಇದ್ರೆ ತಂತಿಯಲ್ಲೇ ದೋಷ ಇರಬಹುದು, ಬೇರೆ ಹಾಕಿ ನೋಡಿ.