ಅಮ್ಮನ ಎರಡು ಚೀಟಿ, ಒಂದೇ ಕನ್ನಡಕ

ಕಣ್ಣಾಸ್ಪತ್ರೆಯ ಚೀಟಿಯಲ್ಲಿ ಅಮ್ಮನ ಬಲಗಣ್ಣಿಗೆ `-2.00 / +1.50 x 180` ಅಂತಿತ್ತು. ಕನ್ನಡಕದ ಅಂಗಡಿಯವರು ಕೊಟ್ಟ ಕಾರ್ಡಿನಲ್ಲಿ `-0.50 / -1.50 x 90`. ಎರಡರಿಂದ ಅರ್ಧಕ್ಕೆ ಇಳಿದಿದೆ, ಗಾಜು ತಪ್ಪಾಗಿದೆ ಅಂತ ಜಗಳಕ್ಕೇ ಹೊರಟಿದ್ದೆ. ಕನ್ನಡಕ ಹಾಕಿಕೊಂಡ ಅಮ್ಮ ಮಾತ್ರ ಆರಾಮವಾಗಿ ಪೇಪರ್ ಓದುತ್ತಿದ್ದರು.

ಕೂತು ಲೆಕ್ಕ ಹಾಕಿದೆ. ಮೊದಲ ಅಂಕಿ ಸ್ಫಿಯರ್, ಅಂದರೆ ಎಲ್ಲ ದಿಕ್ಕಿಗೂ ಒಂದೇ ಆಗಿರುವ ಪವರ್; ಎರಡನೆಯದು ಸಿಲಿಂಡರ್, ಒಂದು ದಿಕ್ಕಿಗೆ ಮಾತ್ರ ಸೇರುವ ಪವರ್; x ಆದಮೇಲಿನದು ಆಕ್ಸಿಸ್, ಆ ಸಿಲಿಂಡರ್ ಕೂತಿರುವ ಕೋನ. ಚೀಟಿಯ ಬರಹವನ್ನು ಕಾರ್ಡಿನ ರೂಪಕ್ಕೆ ತರುವುದು ಹೀಗೆ. ಸ್ಫಿಯರ್‌ಗೆ ಸಿಲಿಂಡರನ್ನು ಚಿಹ್ನೆ ಸಮೇತ ಕೂಡಿಸಬೇಕು: -2.00 ಮತ್ತು +1.50 ಸೇರಿ -0.50. ಸಿಲಿಂಡರಿನ ಚಿಹ್ನೆ ಮಾತ್ರ ತಿರುಗುತ್ತದೆ, ಅಂಕಿ ಹಾಗೇ. ಆಕ್ಸಿಸ್ 90 ಡಿಗ್ರಿ ಸರಿಯುತ್ತದೆ. 90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ. ಹಾಗಾಗಿ 180 ಹೋಗಿ 90.

ಗಾಜು ಒಂದೇ ಏಕೆ? ಸಿಲಿಂಡರಿಗೆ ತನ್ನ ಆಕ್ಸಿಸ್ ದಿಕ್ಕಿನಲ್ಲಿ ಪವರ್ ಇಲ್ಲ, ಅದಕ್ಕೆ ಅಡ್ಡಲಾಗಿ ಪೂರ್ತಿ ಇದೆ. ಮೊದಲ ಚೀಟಿಯಲ್ಲಿ 180, ಅಂದರೆ ಮಲಗಿದ ದಿಕ್ಕಿಗೆ -2.00, 90, ಅಂದರೆ ನಿಂತ ದಿಕ್ಕಿಗೆ -0.50. ಕಾರ್ಡಿನಲ್ಲಿ ನಿಂತ ದಿಕ್ಕಿಗೆ -0.50, ಮಲಗಿದ್ದಕ್ಕೆ -0.50 ಜೊತೆ -1.50, ಅಂದರೆ ಮತ್ತೆ -2.00. ಒಬ್ಬರು ಒಂದು ತುದಿಯಿಂದ ಎಣಿಸಿದ್ದಾರೆ, ಇನ್ನೊಬ್ಬರು ಇನ್ನೊಂದರಿಂದ, ಅಷ್ಟೇ.

ಆಕ್ಸಿಸ್ ತಿರುಗಿಸದೆ 180 ಅಂತಲೇ ಬಿಟ್ಟಿದ್ದರೆ ಮಾತ್ರ ಪವರ್ ಅದಲುಬದಲಾಗಿ ಎಲ್ಲ ಮಸುಕಾಗುತ್ತಿತ್ತು. ಎಡಗಣ್ಣಿನದನ್ನೂ ಹೀಗೇ ತಾಳೆ ನೋಡಿ, ಜಗಳದ ಯೋಚನೆ ಬಿಟ್ಟೆ.