ಬಣ್ಣದ ಪಿಡಿಎಫ್‌, ಕಪ್ಪು ಇಂಕು, ಓದಲು ಬರುವ ಅಕ್ಷರ

ದಾವಣಗೆರೆಯ ವಿದ್ಯಾನಗರದಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ವಾಟ್ಸಾಪಲ್ಲಿ ಬರುವ ವಿಜ್ಞಾನದ ನೋಟ್ಸ್‌ ಪಿಡಿಎಫ್‌ಗಳೆಲ್ಲ ಬಣ್ಣದ ಜಾತ್ರೆ. ಕಿತ್ತಳೆ ಶೀರ್ಷಿಕೆ, ತಿಳಿನೀಲಿ ಚೌಕ, ಅದರೊಳಗೆ ಹಸಿರು ಅಕ್ಷರ. ಬಣ್ಣದಲ್ಲಿ ಪ್ರಿಂಟ್ ತೆಗೆದರೆ ಇಂಕು ಉಳಿಯಲ್ಲ. ಗ್ರೇಸ್ಕೇಲ್ ಟಿಕ್ ಮಾಡಿದರೆ ಕಿತ್ತಳೆ ಶೀರ್ಷಿಕೆ ಮಾಸಿ ಬರುತ್ತದೆ. ಅದನ್ನೇ ಜೆರಾಕ್ಸ್ ಮಾಡಿಸಿದರೆ ಕೇಳಲೇಬೇಡಿ.

ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಬೂದು ಇಂಕು ಇರುವುದಿಲ್ಲ. ಕಪ್ಪು ಚುಕ್ಕೆಗಳನ್ನು ಬಿಡಿಬಿಡಿಯಾಗಿ ಇಟ್ಟು ಬೂದು ಕಾಣಿಸುತ್ತದೆ. ದೊಡ್ಡ ಚಿತ್ರಕ್ಕೆ ಅದು ಸರಿ. ಸಣ್ಣ ಅಕ್ಷರದಲ್ಲಿ ಆ ಚುಕ್ಕೆಗಳ ನಡುವೆ ಒತ್ತಕ್ಷರವೇ ಕಳೆದುಹೋಗುತ್ತದೆ. ಡ್ರಾಫ್ಟ್ ಮೋಡ್ ಕೂಡ ಹಾಕಿದರೆ ಇನ್ನೂ ತೆಳು.

ವರ್ಡ್‌ಗೆ ಕಾಪಿ ಮಾಡಿ ಬಣ್ಣ ಬದಲಿಸೋಣ ಅಂದರೆ, ಹಳೆಯ ನುಡಿ ಫಾಂಟಿನ ಪಿಡಿಎಫ್ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಬರುತ್ತದೆ. ಅದಕ್ಕೇ ನಾನು ಪುಟವನ್ನು ಚಿತ್ರವಾಗಿಸಿ, ಬೂದನ್ನೇ ತೆಗೆದುಬಿಡುತ್ತೇನೆ. ಇಮೇಜ್‌ಮ್ಯಾಜಿಕ್ ಮತ್ತು ಘೋಸ್ಟ್‌ಸ್ಕ್ರಿಪ್ಟ್ ಎಂಬ ಎರಡು ಉಚಿತ ತಂತ್ರಾಂಶ ಇದಕ್ಕೆ ಸಾಕು. ಪಿಡಿಎಫ್ ತೆರೆಯಲು ಎರಡನೆಯದು ಬೇಕೇ ಬೇಕು. ಎರಡನ್ನೂ ಹಾಕಿಕೊಂಡು ಟರ್ಮಿನಲ್‌ನಲ್ಲಿ ಈ ಕಮಾಂಡ್ ಓಡಿಸುತ್ತೇನೆ.

```
magick -density 300 "notes.pdf[3]" -background white -alpha remove -alpha off -colorspace Gray -threshold 75% -compress Group4 bw.pdf
```

ಎಣಿಕೆ 0ಯಿಂದ ಶುರು, ಹಾಗಾಗಿ `[3]` ಅಂದರೆ ನಾಲ್ಕನೇ ಪುಟ. ಮೊದಲು ಒಂದೇ ಪುಟ ನೋಡಿ, ಸರಿ ಬಂದರೆ `[3]` ತೆಗೆದು ಎಲ್ಲ ಪುಟಕ್ಕೂ ಓಡಿಸುತ್ತೇನೆ. 75% ಅಂದರೆ, ಅದಕ್ಕಿಂತ ಬೆಳ್ಳಗಿರುವುದೆಲ್ಲ ಪೂರ್ತಿ ಬಿಳಿ, ಉಳಿದದ್ದು ಪೂರ್ತಿ ಕಪ್ಪು. ಕಿತ್ತಳೆಯ ಬೆಳಕು ಸುಮಾರು 68%, ಹಾಗಾಗಿ ಶೀರ್ಷಿಕೆ ಗಟ್ಟಿ ಕಪ್ಪಾಯಿತು. ತಿಳಿನೀಲಿ ಚೌಕ 80% ದಾಟುತ್ತದೆ, ಅದು ಮಾಯ. ಇಂಕು ನಿಜಕ್ಕೂ ಉಳಿಯುವುದು ಇಲ್ಲೇ. ಒತ್ತಕ್ಷರ ಅಂಟಿಕೊಂಡರೆ 65ಕ್ಕೆ ಇಳಿಸಿ, ಆದರೆ ಆಗ ಕಿತ್ತಳೆ ಹೋಗುತ್ತದೆ. ಅಂಥ ಪುಟಕ್ಕೆ 75 ಹಾಗೇ ಬಿಟ್ಟು ಇಂಚಿಗೆ 300 ಚುಕ್ಕೆಯ ಬದಲು 600 ಹಾಕುವುದೇ ಮೇಲು. ಸ್ವಲ್ಪ ನಿಧಾನ, ಅಷ್ಟೇ.

ಗಾಢ ನೀಲಿ ಪಟ್ಟಿಯ ಮೇಲೆ ಬಿಳಿ ಅಕ್ಷರ ಇದ್ದರೆ ಓದಲು ಬರುತ್ತದೆ, ಆದರೆ ಪಟ್ಟಿ ಪೂರ್ತಿ ಕಪ್ಪಾಗಿ ಇಂಕು ಕುಡಿಯುತ್ತದೆ. ಪುಟದ ತುಂಬ ಅಂಥ ಪಟ್ಟಿಗಳಿದ್ದರೆ ಅದೇ ಕಮಾಂಡ್‌ನಲ್ಲಿ `-threshold` ನಂತರ `-negate` ಸೇರಿಸಿ ನೋಡುತ್ತೇನೆ. ಕಪ್ಪು-ಬಿಳಿ ಅದಲು ಬದಲಾಗುತ್ತದೆ. ಬಿಳಿ ಹಾಳೆಯೇ ಜಾಸ್ತಿ ಇರುವ ಪುಟಕ್ಕೆ ಇದು ಬೇಡ, ಹಾಳೆಯೇ ಕಪ್ಪಾಗಿಬಿಡುತ್ತದೆ.

ಗ್ರಾಫ್‌ನಲ್ಲಿ ಕೆಂಪು ಗೆರೆ, ಗಾಢ ಹಸಿರು ಗೆರೆ ಇದ್ದರೆ ಈ ಉಪಾಯ ಸೋಲುತ್ತದೆ. ಎರಡೂ ಕಪ್ಪು. ಗ್ರೇಸ್ಕೇಲ್‌ ಕೂಡ ಇಲ್ಲಿ ಅಷ್ಟು ನೆರವಾಗುವುದಿಲ್ಲ. ಬಣ್ಣವನ್ನು ಬೂದಾಗಿಸುವ ಸಾಮಾನ್ಯ ಲೆಕ್ಕ ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11 ಪಾಲು ಕೊಡುತ್ತದೆ. ಅದರಲ್ಲಿ ಶುದ್ಧ ಕೆಂಪು 255ಕ್ಕೆ 76, ಅರ್ಧ ಹೊಳಪಿನ ಹಸಿರು 75. ಕಣ್ಣಿಗೆ ಒಂದೇ. ಅಂಥ ಪುಟವನ್ನು ಒಂದು ಪ್ರತಿ ತೆಗೆದು, ಪರದೆ ನೋಡಿಕೊಂಡು ಪ್ರತಿ ಗೆರೆಯ ಪಕ್ಕ ಪೆನ್ನಿನಲ್ಲಿ ಹೆಸರು ಬರೆದು ಜೆರಾಕ್ಸ್‌ಗೆ ಕೊಡುತ್ತೇನೆ. ಫೋಟೊ ಇರುವ ಪುಟವನ್ನು ಮಾತ್ರ ಮಾಮೂಲಿ ಗ್ರೇಸ್ಕೇಲ್‌ನಲ್ಲೇ ಬಿಡುತ್ತೇನೆ, ಇಲ್ಲದಿದ್ದರೆ ಎಲೆಯ ಚಿತ್ರ ಮಸಿಯ ಕಲೆಯಾಗುತ್ತದೆ.